ಬೆಕ್ಕಿನ ಮರಿಗೆ ಐದು ತಿಂಗಳು ತುಂಬುವ ಮೊದಲು: ಸಂತಾನಹರಣ ಆಪರೇಷನ್ ಯಾವಾಗ ಮಾಡಿಸಬೇಕು, ಆಮೇಲೆ ಏನೇನು ಬದಲಾಗುತ್ತದೆ

ಹಳೆಯ ಸಾಮಾನು ತುಂಬಿದ್ದ ಕೋಣೆಯಲ್ಲಿ ಎರಡು ಮರಿಗಳು ಸಿಕ್ಕವು. ಒಂದು ಗಂಡು, ಒಂದು ಹೆಣ್ಣು. ಗಂಡಿಗೆ ಗಿಡ್ಡ, ಹೆಣ್ಣಿಗೆ ಕಾಡಿಗೆ ಎಂದು ಹೆಸರಿಟ್ಟೆವು. ತೂಕ 650 ಗ್ರಾಂ ಆಸುಪಾಸು. ಅವು ಒಡಹುಟ್ಟಿದವು ಎಂಬುದು ನಮಗೆ ಗೊತ್ತು, ಬೆಕ್ಕಿಗೆ ಅದು ಲೆಕ್ಕಕ್ಕಿಲ್ಲ. ಒಂದೇ ಮನೆಯಲ್ಲಿ ಬೆಳೆಯುವ ಅಣ್ಣ-ತಂಗಿ ಬೆದೆಯ ವಯಸ್ಸಿಗೆ ಬಂದ ದಿನವೇ ಕೂಡುತ್ತವೆ. ಆದ್ದರಿಂದ ಅವು ಮನೆಗೆ ಬಂದ ವಾರವೇ ನಾನು ಕ್ಯಾಲೆಂಡರ್ ತೆಗೆದು ಆಪರೇಷನ್ನಿನ ದಿನವನ್ನು ಗುರುತು ಹಾಕಿದೆ. ಆ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಬಿಡಿಸಿ ಹೇಳುತ್ತೇನೆ. ಇದೆಲ್ಲ ಬೆಕ್ಕಿನ ವಿಷಯ. ನಾಯಿಯ ಲೆಕ್ಕ ಬೇರೆ. ಅದರಲ್ಲೂ ದೊಡ್ಡ ತಳಿಯ ನಾಯಿಗಳಲ್ಲಿ ಮೂಳೆ ಮತ್ತು ಕೀಲುಗಳ ಬೆಳವಣಿಗೆ ನೋಡಿಕೊಂಡು ತಡವಾಗಿ ಮಾಡಿಸುವುದುಂಟು. ಅದನ್ನು ಬೆಕ್ಕಿಗೆ ಅನ್ವಯಿಸಬೇಡಿ.

ಐದು ತಿಂಗಳೇ ಯಾಕೆ?

ಬಹಳ ಕಾಲ ಎಲ್ಲರೂ ಹೇಳುತ್ತಿದ್ದುದು "ಆರು ತಿಂಗಳಾಗಲಿ" ಎಂದು. ತೊಂದರೆ ಏನೆಂದರೆ, ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು. ಎಲ್ಲವೂ ಅಷ್ಟು ಬೇಗ ಬರುವುದಿಲ್ಲ, ಆದರೆ ನಿಮ್ಮ ಮರಿ ಯಾವ ಗುಂಪಿಗೆ ಸೇರಿದೆ ಎಂದು ಮೊದಲೇ ತಿಳಿಯುವ ದಾರಿಯಿಲ್ಲ. ಬೆದೆಗೆ ಬರುವುದು ಹಗಲಿನ ಉದ್ದದ ಮೇಲೂ ನಿಂತಿದೆ. ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ಬೆಳಕು ಬಿದ್ದರೆ ಅಂಡಾಶಯ ಚುರುಕಾಗುತ್ತದೆ. ರಾತ್ರಿ ಹನ್ನೊಂದರವರೆಗೆ ದೀಪ ಉರಿಯುವ ಮನೆಯಲ್ಲಿ ಬೆಕ್ಕಿನ ಪಾಲಿಗೆ ವರ್ಷವಿಡೀ ದೀರ್ಘ ಹಗಲೇ.

ಗರ್ಭ ಸುಮಾರು 63ರಿಂದ 65 ದಿನ. ನಾಲ್ಕೂವರೆ ತಿಂಗಳಿಗೆ ಗಬ್ಬವಾದ ಮರಿ, ಏಳು ತಿಂಗಳು ತುಂಬುವ ಮೊದಲೇ ತಾಯಿ. ತನ್ನ ಮೈ ಇನ್ನೂ ಬೆಳೆಯುತ್ತಿರುವಾಗ ಮೂರು-ನಾಲ್ಕು ಮರಿಗಳಿಗೆ ಹಾಲೂಡಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ, ಹಾಲೂಡುತ್ತಿರುವಾಗಲೇ ಕೆಲವು ವಾರಗಳಲ್ಲಿ ಮತ್ತೆ ಬೆದೆಗೆ ಬರಬಹುದು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೊಮ್ಮೆ "ಒಂದು ಸೂಲು ಆಗಲಿ, ಆಮೇಲೆ ಮಾಡಿಸೋಣ, ಅದೇ ಆರೋಗ್ಯಕ್ಕೆ ಒಳ್ಳೆಯದು" ಎಂಬ ಮಾತು ನಂಬಿ ಕಾದೆ. ಮರಿಗಳು ಹಾಲು ಬಿಡುವ ಹೊತ್ತಿಗೆ ತಾಯಿ ಮತ್ತೆ ಗಬ್ಬವಾಗಿತ್ತು. ಬೆನ್ನುಮೂಳೆ ಕೈಗೆ ಸಿಗುವಷ್ಟು ಸೊರಗಿತ್ತು. ಒಂದು ಸೂಲಿನಿಂದ ಬೆಕ್ಕಿನ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ತಡವಾದಷ್ಟೂ ನಷ್ಟವೇ ಹೆಚ್ಚು.

ಆ ನಷ್ಟ ಎಷ್ಟು ಎಂಬುದು ಮೊಲೆಯ ಕ್ಯಾನ್ಸರಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬೆಕ್ಕಿನ ಮೊಲೆಯಲ್ಲಿ ಕಾಣಿಸುವ ಗಂಟುಗಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಮಾರಕವಾದವು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಆರು ತಿಂಗಳೊಳಗೆ ಆಪರೇಷನ್ ಆದ ಹೆಣ್ಣುಗಳಲ್ಲಿ ಈ ಕ್ಯಾನ್ಸರಿನ ಅಪಾಯ 91% ಕಡಿಮೆ, ಒಂದು ವರ್ಷದೊಳಗೆ ಆದವುಗಳಲ್ಲಿ 86% ಕಡಿಮೆ. ಎರಡನೆಯ ವರ್ಷದಲ್ಲಿ ಮಾಡಿಸಿದರೆ ಆ ರಕ್ಷಣೆ 11%ಕ್ಕೆ ಇಳಿಯುತ್ತದೆ, ಎರಡು ವರ್ಷ ದಾಟಿದರೆ ಇಲ್ಲವೇ ಇಲ್ಲ. ಅಂದರೆ ಈ ಬಾಗಿಲು ತೆರೆದಿರುವುದು ಮೊದಲ ವರ್ಷದಲ್ಲಿ ಮಾತ್ರ. ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯ ಮಾತು ಬೇರೆ. ಅದಕ್ಕೆ ಎಷ್ಟು ತಡವಾಗಿ ಮಾಡಿಸಿದರೂ ಪ್ರಯೋಜನವಿದೆ, ಯಾಕೆಂದರೆ ಅಂಡಾಶಯವನ್ನು ಪೂರ್ತಿ ತೆಗೆದ ಮೇಲೆ ಆ ಕಾಯಿಲೆ ಹುಟ್ಟಲು ಬೇಕಾದ ಹಾರ್ಮೋನೇ ಇರುವುದಿಲ್ಲ. ಆದ್ದರಿಂದ ವಯಸ್ಸಾದ ಹೆಣ್ಣು ಬೆಕ್ಕನ್ನು ಸಾಕಿಕೊಂಡವರು "ಇನ್ನೇನು ಕಾಲ ಮೀರಿತು" ಎಂದು ಕೈಬಿಡಬಾರದು.

ಬೆದೆ ತಡೆಯಲು ಚುಚ್ಚುಮದ್ದು ಅಥವಾ ಮಾತ್ರೆ ಕೊಡುವ ರೂಢಿಯೂ ಇದೆ. ಅದರಲ್ಲಿರುವುದು ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನು. ಮೊಲೆ ಬಾವು, ಗರ್ಭಕೋಶದ ಕೀವು, ಸಕ್ಕರೆ ಕಾಯಿಲೆ ಇವೆಲ್ಲವನ್ನೂ ಅದು ತರಬಲ್ಲದು. ಆಪರೇಷನ್ನಿಗೆ ಬದಲಾಗಿ ಅದನ್ನು ಆರಿಸಿಕೊಳ್ಳಬೇಡಿ.

ಹಂತ 1: ವಯಸ್ಸು ಹಲ್ಲಿನಲ್ಲಿದೆ

ಬೀದಿಯಿಂದ ಬಂದ ಮರಿಗೆ ಹುಟ್ಟಿದ ದಿನ ಯಾರು ಬರೆದಿಟ್ಟಿರುತ್ತಾರೆ? ಬಾಯಿ ಬಿಡಿಸಿ ನೋಡಿ. ಕೋರೆಹಲ್ಲು ಮೊಳೆತಿದ್ದು ಹಿಂದಿನ ದವಡೆಹಲ್ಲು ಇನ್ನೂ ಬರುತ್ತಿದ್ದರೆ ಮರಿಗೆ ಐದರಿಂದ ಎಂಟು ವಾರ. ಮುಂದಿನ ಪುಟ್ಟ ಹಾಲುಹಲ್ಲು ಬಿದ್ದು ಸ್ವಲ್ಪ ಅಗಲವಾದ ಹೊಸ ಹಲ್ಲು ಕಾಣಿಸುತ್ತಿದ್ದರೆ ನಾಲ್ಕು ತಿಂಗಳ ಹತ್ತಿರ. ಹಾಲಿನ ಕೋರೆಯ ಪಕ್ಕದಲ್ಲೇ ಹೊಸ ಕೋರೆ ಇಣುಕಿ, ಎರಡೆರಡು ಕೋರೆ ಇದ್ದಂತೆ ಕಂಡರೆ ಐದು ತಿಂಗಳ ಆಸುಪಾಸು. ಅಂಥ ಮರಿ ಸಿಕ್ಕಿದರೆ ಇನ್ನು ಕಾಯುವ ಹಾಗಿಲ್ಲ, ಅದೇ ವಾರ ಪಶುವೈದ್ಯರ ಬಳಿ ಹೋಗಿ.

ತೂಕವೂ ಸಹಾಯಕ್ಕೆ ಬರುತ್ತದೆ. ಚೆನ್ನಾಗಿ ತಿನ್ನುವ ಮರಿ ತಿಂಗಳಿಗೆ ಸುಮಾರು ಅರ್ಧ ಕಿಲೋದಂತೆ ಬೆಳೆಯುತ್ತದೆ. ಗಿಡ್ಡ ಮತ್ತು ಕಾಡಿಗೆಗೆ ದವಡೆಹಲ್ಲು ಆಗಷ್ಟೇ ಮೂಡುತ್ತಿತ್ತು, ತೂಕವೂ ಅದಕ್ಕೆ ಹೊಂದುತ್ತಿತ್ತು. ಆರರಿಂದ ಏಳು ವಾರ ಎಂದು ಬರೆದುಕೊಂಡೆ.

ಹಂತ 2: ಲಸಿಕೆಯ ಜೊತೆಗೆ ದಿನ ಹೊಂದಿಸುವುದು

ಮರಿಗಳ ಲಸಿಕೆ ಸಾಮಾನ್ಯವಾಗಿ ಎಂಟನೆಯ ವಾರದಲ್ಲಿ ಶುರುವಾಗಿ, ಮೂರು-ನಾಲ್ಕು ವಾರಕ್ಕೊಂದರಂತೆ ಹದಿನಾರನೆಯ ವಾರದ ಹೊತ್ತಿಗೆ ಮುಗಿಯುತ್ತದೆ. ಕೊನೆಯ ಡೋಸ್ ಆಗಿ ಒಂದೆರಡು ವಾರಕ್ಕೆ ಆಪರೇಷನ್ ಇಟ್ಟುಕೊಂಡರೆ ಮರಿಗೆ ಹದಿನೇಳು-ಹದಿನೆಂಟು ವಾರ, ಅಂದರೆ ನಾಲ್ಕು ತಿಂಗಳು ಕಳೆದು ಐದಕ್ಕೆ ಇನ್ನೂ ದಿನಗಳಿವೆ. ನಮ್ಮ ಎರಡಕ್ಕೂ ಇದೇ ಲೆಕ್ಕ. ಆ ದಿನ ಗಿಡ್ಡ 2.1 ಕಿಲೋ, ಕಾಡಿಗೆ 1.8 ಕಿಲೋ. ಮರಿಗಳಿಗೆ ಆಪರೇಷನ್ ಮಾಡುವ ಅಭ್ಯಾಸವಿರುವ ವೈದ್ಯರು ಒಂದು ಕಿಲೋ ತೂಗುವ ಆರೋಗ್ಯವಂತ ಮರಿಗೂ ಮಾಡುತ್ತಾರೆ. ಇಷ್ಟು ಚಿಕ್ಕದಕ್ಕೆ ಬೇಡ, ಆರು ತಿಂಗಳಾಗಲಿ ಎನ್ನುವ ವೈದ್ಯರೂ ಇದ್ದಾರೆ. ಹಾಗೆಂದರೆ ಜಗಳ ಬೇಡ, ಮರಿಗಳ ಆಪರೇಷನ್ ದಿನವೂ ಮಾಡುವ ಇನ್ನೊಬ್ಬರನ್ನು ಕೇಳಿ. ಎರಡನ್ನೂ ಒಂದೇ ದಿನ ಮಾಡಿಸಿದ್ದು ಒಳ್ಳೆಯದಾಯಿತು. ಒಂದರ ಮೈಗೆ ಆಸ್ಪತ್ರೆಯ ವಾಸನೆ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಒಡಹುಟ್ಟಿದವೂ ಬುಸುಗುಟ್ಟುತ್ತವೆ.

ಹೆಣ್ಣು ಆಗಲೇ ಬೆದೆಗೆ ಬಂದುಬಿಟ್ಟಿದ್ದರೆ? ನೆಲಕ್ಕೆ ಉರುಳಾಡುವುದು, ಹಿಂಭಾಗ ಎತ್ತಿ ಬಾಲ ಪಕ್ಕಕ್ಕೆ ಸರಿಸುವುದು, ರಾತ್ರಿಯಿಡೀ ಒರಲುವುದು, ಇವು ಬೆದೆಯ ಲಕ್ಷಣ. ಎಷ್ಟೋ ಜನ ಇದನ್ನು ಹೊಟ್ಟೆನೋವು ಎಂದುಕೊಂಡು ಓಡಿಬರುತ್ತಾರೆ. ಈ ಹೊತ್ತಿನಲ್ಲಿ ಗರ್ಭಕೋಶಕ್ಕೆ ರಕ್ತದ ಹರಿವು ಹೆಚ್ಚಿರುವುದರಿಂದ ಕೆಲಸ ಸ್ವಲ್ಪ ಕಷ್ಟ, ಆದರೂ ನುರಿತ ವೈದ್ಯರು ಮಾಡುತ್ತಾರೆ. ಮನೆಯೊಳಗೆ ಬಿಗಿಯಾಗಿ ಇಟ್ಟುಕೊಳ್ಳಲು ಸಾಧ್ಯವಿದ್ದರೆ ಒಂದು ವಾರ ತಡೆದು, ಬೆದೆ ಇಳಿದ ಕೂಡಲೇ ಮಾಡಿಸಿ. ಅಲ್ಲಿಂದ ಹೆಚ್ಚು ಕಾದರೆ ಎರಡು-ಮೂರು ವಾರಕ್ಕೆ ಮತ್ತೆ ಬೆದೆ ಬರುತ್ತದೆ.

ಹಂತ 3: ಹಿಂದಿನ ರಾತ್ರಿ ಮತ್ತು ಆ ಬೆಳಗ್ಗೆ

ದೊಡ್ಡ ಬೆಕ್ಕಿಗೆ ಹೇಳುವ ಉಪವಾಸವನ್ನು ಮರಿಗೆ ಹೇರುವುದು ಇಲ್ಲಿ ಆಗುವ ದೊಡ್ಡ ತಪ್ಪು. ಮರಿಯ ಮೈಯಲ್ಲಿ ಸಕ್ಕರೆಯ ಸಂಗ್ರಹ ಕಡಿಮೆ. ರಾತ್ರಿಯಿಡೀ ಹಸಿದರೆ ರಕ್ತದ ಸಕ್ಕರೆ ಕುಸಿಯುತ್ತದೆ, ಅರಿವಳಿಕೆಯಿಂದ ಏಳುವುದು ತಡವಾಗುತ್ತದೆ. ನಾಲ್ಕು ತಿಂಗಳ ಮರಿಗೆ ಎರಡರಿಂದ ನಾಲ್ಕು ಗಂಟೆ ಹೊಟ್ಟೆ ಖಾಲಿ ಇದ್ದರೆ ಸಾಕು. ನೀರು ತಡೆಯಬೇಕಾಗಿಲ್ಲ. ನಮಗೆ ಒಂಬತ್ತು ಗಂಟೆಗೆ ಸಮಯ ಕೊಟ್ಟಿದ್ದರು. ಐದೂವರೆಗೆ ಎದ್ದು ಒಂದೊಂದು ಚಮಚ ಮೆತ್ತನೆಯ ಆಹಾರ ಕೊಟ್ಟು ತಟ್ಟೆ ಎತ್ತಿಟ್ಟೆ. ದಿನದ ಮೊದಲ ಆಪರೇಷನ್ ನಿಮ್ಮ ಮರಿಯದಾಗಿರಲಿ ಎಂದು ಕೇಳಿಕೊಳ್ಳಿ, ಕಾಯುವ ಹೊತ್ತು ಉಳಿಯುತ್ತದೆ. ಪುಟ್ಟ ಮೈ ಬೇಗ ತಣ್ಣಗಾಗುತ್ತದೆ, ಹಾಗಾಗಿ ಬುಟ್ಟಿಯಲ್ಲಿ ಮನೆಯ ವಾಸನೆ ಇರುವ ದಪ್ಪ ಬಟ್ಟೆ ಹಾಸಿ ಕಳಿಸಿ.

ಒಪ್ಪಿಸುವ ಮುಂಚೆ ಗಂಡು ಮರಿಯ ಎರಡೂ ಬೀಜ ಚೀಲಕ್ಕೆ ಇಳಿದಿವೆಯೇ ಎಂದು ವೈದ್ಯರನ್ನು ಕೇಳಿ. ಒಂದೇ ಸಿಕ್ಕಿದರೆ ಇನ್ನೊಂದು ತೊಡೆಸಂದಿಯಲ್ಲೋ ಹೊಟ್ಟೆಯೊಳಗೋ ಉಳಿದಿದೆ ಎಂದರ್ಥ. ಅದು ಮರಿ ಹುಟ್ಟಿಸದಿದ್ದರೂ ಗಂಡು ಹಾರ್ಮೋನು ಸುರಿಸುತ್ತಲೇ ಇರುತ್ತದೆ. ಸಿಕ್ಕಿದ್ದನ್ನಷ್ಟೇ ತೆಗೆದು ಕಳಿಸಿದರೆ ಬೆಕ್ಕು ಅಲೆಯುವುದನ್ನೂ ಬಿಡುವುದಿಲ್ಲ, ಮೂತ್ರ ಚಿಮ್ಮಿಸುವುದನ್ನೂ ಬಿಡುವುದಿಲ್ಲ. ಹುಡುಕಿ ಎರಡನ್ನೂ ತೆಗೆಯಬೇಕು.

ಹಂತ 4: ಮನೆಗೆ ತಂದ ಮೇಲಿನ ಹತ್ತು ದಿನ

ಗಂಡಿನದು ಸಣ್ಣ ಕೆಲಸ. ಚೀಲದಲ್ಲಿ ಪುಟ್ಟ ಸೀಳು ಮಾಡಿ ಬೀಜ ತೆಗೆಯುತ್ತಾರೆ, ಸಾಮಾನ್ಯವಾಗಿ ಹೊರಗೆ ಹೊಲಿಗೆಯೂ ಇರುವುದಿಲ್ಲ. ಮರಳಿನ ಸಣ್ಣ ಹರಳು ಗಾಯಕ್ಕೆ ಅಂಟದಂತೆ ಒಂದು ವಾರ ಮಲದ ತಟ್ಟೆಗೆ ಹರಿದ ಪೇಪರ್ ಹಾಕಿ. ಗಿಡ್ಡ ಸಂಜೆಗೇ ಕುಣಿಯತೊಡಗಿದ. ಚೀಲ ಸ್ವಲ್ಪ ಊದಿಕೊಂಡು ಬೀಜ ಇನ್ನೂ ಇದ್ದಂತೆ ಕಂಡರೆ ಹೆದರಬೇಡಿ, ಕೆಲವು ದಿನದಲ್ಲಿ ಇಳಿಯುತ್ತದೆ. ಇಳಿಯುವ ಬದಲು ದಿನದಿಂದ ದಿನಕ್ಕೆ ದಪ್ಪವಾಗುತ್ತಿದ್ದರೆ ತೋರಿಸಿ.

ಹೆಣ್ಣಿನದು ಹೊಟ್ಟೆ ತೆರೆಯುವ ಆಪರೇಷನ್. ಹತ್ತರಿಂದ ಹದಿನಾಲ್ಕು ದಿನ ಕೊರಳಿಗೆ ಕೋನ್ ಅಥವಾ ಮೈಗೆ ಬಟ್ಟೆಯ ಕವಚ ಇರಲೇಬೇಕು. ಬೆಕ್ಕಿನ ನಾಲಿಗೆ ಗರಗಸವಿದ್ದಂತೆ, ನೀವು ಸ್ನಾನಕ್ಕೆ ಹೋದ ಹತ್ತು ನಿಮಿಷದಲ್ಲಿ ಹೊಲಿಗೆ ಕಿತ್ತುಹಾಕುತ್ತದೆ. ಕಪಾಟು, ಕಿಟಕಿಗೆ ಹಾರದಂತೆ ಕಾಡಿಗೆಯನ್ನು ಸಣ್ಣ ಕೋಣೆಯಲ್ಲಿಟ್ಟು, ದಿನಕ್ಕೆರಡು ಸಲ ಗಾಯದ ಫೋಟೋ ತೆಗೆಯುತ್ತಿದ್ದೆ. ನಿನ್ನೆಗಿಂತ ಇಂದು ಹೇಗಿದೆ ಎಂಬುದು ನೆನಪಿಗಿಂತ ಫೋಟೋದಲ್ಲಿ ಚೆನ್ನಾಗಿ ತಿಳಿಯುತ್ತದೆ. ಐದನೆಯ ದಿನ ಹೊಲಿಗೆಯ ಕೆಳಗೆ ಕಡಲೆಕಾಳಿನಷ್ಟು ಗಟ್ಟಿ ಉಬ್ಬು ಕಂಡಿತು. ಕೆಂಪಿಲ್ಲ, ನೀರು ಸುರಿಯುತ್ತಿಲ್ಲ, ಮರಿ ಚೆನ್ನಾಗಿ ತಿನ್ನುತ್ತಿತ್ತು. ಫೋಟೋ ಕಳಿಸಿದಾಗ ವೈದ್ಯರು, ಒಳಗಿನ ದಾರಕ್ಕೆ ಮೈ ತೋರುವ ಪ್ರತಿಕ್ರಿಯೆ, ಕರಗುತ್ತದೆ ಎಂದರು. ಮೂರು ವಾರದಲ್ಲಿ ಕರಗಿತು. ಉಬ್ಬು ಮೆತ್ತಗಿದ್ದು ದಿನೇ ದಿನೇ ದೊಡ್ಡದಾಗುವುದು, ಗಾಯ ಬಾಯಿ ಬಿಡುವುದು, ರಕ್ತ ತೊಟ್ಟಿಕ್ಕುವುದು, ಒಸಡು ಬಿಳಿಚಿಕೊಳ್ಳುವುದು, ಮಾರನೆಯ ದಿನವೂ ತಿನ್ನದೆ ಮೂಲೆ ಸೇರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ.

ನೋವಿಗೆ ವೈದ್ಯರು ಕೊಟ್ಟದ್ದನ್ನು ಮಾತ್ರ ಕೊಡಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಜೀವ ತೆಗೆಯಬಲ್ಲದು. "ಅರ್ಧ ಮಾತ್ರೆ ಪರವಾಗಿಲ್ಲ" ಎಂದು ಯಾರು ಹೇಳಿದರೂ ಕೇಳಬೇಡಿ.

ಇನ್ನೊಂದು ಎಚ್ಚರಿಕೆ ದೊಡ್ಡ ಗಂಡುಗಳ ಬಗ್ಗೆ. ಬೀಜ ತೆಗೆದ ಮರುದಿನವೇ ಅವು ಬಂಜೆಯಾಗುವುದಿಲ್ಲ. ನಾಳದಲ್ಲಿ ಉಳಿದ ವೀರ್ಯ ಇನ್ನೂ ಇರುತ್ತದೆ. ಬೆದೆಯ ವಯಸ್ಸು ದಾಟಿದ ಗಂಡನ್ನು ಆಪರೇಷನ್ ಆಗಿ ಆರು ವಾರದವರೆಗೆ, ಆಪರೇಷನ್ ಆಗದ ಹೆಣ್ಣಿನಿಂದ ದೂರ ಇಡಿ.

ಅಲೆದಾಟ ಮತ್ತು ಮೂತ್ರ ಚಿಮ್ಮಿಸುವುದು: ಏನನ್ನು ನಿರೀಕ್ಷಿಸಬಹುದು

ನಮ್ಮ ಮರಿಗಳಲ್ಲಿ ಈ ಸಮಸ್ಯೆ ಶುರುವಾಗಲೇ ಇಲ್ಲ. ಆದ್ದರಿಂದ ಪಕ್ಕದ ಮನೆಯ ಎರಡು ವರ್ಷದ ಗಂಡು ಬೆಕ್ಕಿನ ಕತೆ ಹೇಳುತ್ತೇನೆ. ಮೂರು-ನಾಲ್ಕು ದಿನ ಕಾಣೆಯಾಗಿ ಕೆನ್ನೆ ಹರಿದುಕೊಂಡು ಬರುತ್ತಿತ್ತು. ಬಂದ ಮೇಲೆ ಬಾಗಿಲಿನ ಚೌಕಟ್ಟು, ಸೋಫಾದ ಬೆನ್ನು, ಚಪ್ಪಲಿ ಸ್ಟ್ಯಾಂಡ್, ಎಲ್ಲಕ್ಕೂ ಬಾಲ ಎತ್ತಿ ನಡುಗಿಸುತ್ತ ಹಿಂದಕ್ಕೆ ಚಿಮ್ಮಿಸುತ್ತಿತ್ತು. ಆ ಘಾಟು ಎಲ್ಲರಿಗೂ ಗೊತ್ತು. ಗಂಡು ಬೆಕ್ಕಿನ ಮೂತ್ರದಲ್ಲಿ ಫೆಲಿನೀನ್ ಎಂಬ ಗಂಧಕವಿರುವ ಪದಾರ್ಥ ಹೆಚ್ಚು. ಅದು ಒಡೆದಾಗ ಆ ವಾಸನೆ ಹುಟ್ಟುತ್ತದೆ. ಇದರ ತಯಾರಿ ಗಂಡು ಹಾರ್ಮೋನಿನ ಕೈಯಲ್ಲಿದೆ.

ಆಪರೇಷನ್ ಆದ ಮೇಲೆ ಮೊದಲು ಕಡಿಮೆಯಾದದ್ದು ಘಾಟು, ಎರಡು-ಮೂರು ವಾರದಲ್ಲಿ. ಅಲೆದಾಟ ಒಂದು ತಿಂಗಳ ಹೊತ್ತಿಗೆ ಕುಗ್ಗಿತು, ರಾತ್ರಿ ಮನೆಗೆ ಬರತೊಡಗಿತು. ಚಿಮ್ಮಿಸುವುದು ಕೊನೆಗೆ ಉಳಿಯಿತು. ಎರಡು ತಿಂಗಳಾದರೂ ಒಂದೇ ಕಿಟಕಿಯ ಕೆಳಗೆ ವಾರಕ್ಕೊಮ್ಮೆ. ದೊಡ್ಡ ಗಂಡುಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಕಡೆ ಅಲೆದಾಟ, ಜಗಳ, ಚಿಮ್ಮಿಸುವುದು ಮೂರೂ ಬಹಳ ಕಡಿಮೆಯಾಗುತ್ತವೆ. ಹೆಚ್ಚಿನವುಗಳಲ್ಲಿ ಬೇಗ, ಕೆಲವುಗಳಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಬೆದೆಯ ವಯಸ್ಸಿಗೆ ಮುಂಚೆ ಮಾಡಿಸಿದರೂ ಗಂಡುಗಳಲ್ಲಿ ಹತ್ತಕ್ಕೊಂದು, ಹೆಣ್ಣುಗಳಲ್ಲಿ ಇಪ್ಪತ್ತಕ್ಕೊಂದು ಮುಂದೆ ಚಿಮ್ಮಿಸುವುದುಂಟು. ಹಾಗಾಗಿ ಇದು ಗುಂಡಿ ಒತ್ತಿದಂತೆ ನಿಲ್ಲುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ಹಾರ್ಮೋನಿನಿಂದ ಶುರುವಾದದ್ದು ಆತಂಕದಿಂದ ಮುಂದುವರಿಯಬಹುದು. ಆ ಕಿಟಕಿಯ ಹೊರಗೆ ಇನ್ನೊಂದು ಬೆಕ್ಕು ದಿನವೂ ಬಂದು ಕೂರುತ್ತಿತ್ತು! ಕಿಟಕಿಯ ಕೆಳಗಿನ ಗಾಜಿಗೆ ಬಣ್ಣದ ಹಾಳೆ ಅಂಟಿಸಿ, ಹಳೆಯ ಕಲೆಯನ್ನು ಕಿಣ್ವವಿರುವ ಕ್ಲೀನರಿನಿಂದ ತೊಳೆದ ಮೇಲೆ ನಿಂತಿತು. ಅಮೋನಿಯಾ ಇರುವ ದ್ರಾವಣದಿಂದ ತೊಳೆಯಬೇಡಿ, ಬೆಕ್ಕಿನ ಮೂಗಿಗೆ ಅದೂ ಮೂತ್ರದಂತೆಯೇ.

ಚಿಮ್ಮಿಸುವುದಕ್ಕೂ ಕಾಯಿಲೆಗೂ ವ್ಯತ್ಯಾಸ ತಿಳಿದಿರಲಿ. ನಿಂತುಕೊಂಡು, ಗೋಡೆಯಂಥ ನೆಟ್ಟಗಿನ ಜಾಗಕ್ಕೆ, ಸ್ವಲ್ಪವೇ ಬಿಟ್ಟರೆ ಅದು ಗುರುತು ಹಾಕುವುದು. ಕುಕ್ಕರಗಾಲಲ್ಲಿ ಕೂತು ಮತ್ತೆ ಮತ್ತೆ ತಿಣುಕುತ್ತ, ತೊಟ್ಟು ಮಾತ್ರ ಬರುತ್ತಿದ್ದರೆ ಅಥವಾ ಬರದೇ ಇದ್ದರೆ ಮೂತ್ರನಾಳ ಕಟ್ಟಿರಬಹುದು. ಗಂಡು ಬೆಕ್ಕಿಗೆ ಇದು ಗಂಟೆಗಳ ಲೆಕ್ಕದ ತುರ್ತು. ಬೇಗ ಬೀಜ ತೆಗೆದರೆ ಮೂತ್ರನಾಳ ಸಣ್ಣದಾಗಿ ಕಟ್ಟುತ್ತದೆ ಎಂಬ ಭಯ ಹಲವರಿಗಿದೆ. ನಾಳದ ಅಗಲವನ್ನು ಅಳೆದು ಹೋಲಿಸಿದ ಅಧ್ಯಯನಗಳಲ್ಲಿ ಅಂಥ ವ್ಯತ್ಯಾಸ ಕಂಡಿಲ್ಲ.

ಅಲೆದಾಟ ಕಡಿಮೆಯಾಗುವುದರ ಆರೋಗ್ಯದ ಲಾಭವನ್ನು ಜನ ಮರೆಯುತ್ತಾರೆ. ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಎಫ್‌ಐವಿ ವೈರಸ್ ಮುಖ್ಯವಾಗಿ ಆಳವಾದ ಕಡಿತದಿಂದ ಹರಡುತ್ತದೆ. ಕಡಿದಾಡುವವರು ಯಾರು? ಬೀಜವಿರುವ, ಊರೂರು ತಿರುಗುವ ಗಂಡುಗಳು. ಜಗಳ ನಿಂತರೆ ಕೀವು ತುಂಬಿದ ಕೆನ್ನೆ, ರಸ್ತೆಯ ಅಪಘಾತ, ಈ ವೈರಸ್, ಮೂರೂ ಒಟ್ಟಿಗೆ ಕಡಿಮೆಯಾಗುತ್ತವೆ.

ಹೆಣ್ಣಿನಲ್ಲಿ ಆಪರೇಷನ್ ಆಗಿ ತಿಂಗಳುಗಳೋ ವರ್ಷವೋ ಕಳೆದ ಮೇಲೆ ಮತ್ತೆ ಒರಲಾಟ, ಉರುಳಾಟ ಶುರುವಾದರೆ ಅಂಡಾಶಯದ ಚೂರು ಒಳಗೆ ಉಳಿದಿರಬಹುದು. ಲಕ್ಷಣ ಕಾಣುತ್ತಿರುವಾಗಲೇ ವಿಡಿಯೋ ಮಾಡಿಕೊಂಡು ಹೋಗಿ, ಹಾರ್ಮೋನು ಪರೀಕ್ಷೆಗೆ ಅದೇ ಸರಿಯಾದ ಸಮಯ.

ಹಂತ 5: ತಕ್ಕಡಿ

ಆಪರೇಷನ್ನಿನ ನಿಜವಾದ ಅಡ್ಡಪರಿಣಾಮ ಬೊಜ್ಜು. ಕೆಲವೇ ದಿನಗಳಲ್ಲಿ ಹಸಿವು ಹೆಚ್ಚುತ್ತದೆ, ಮೈಗೆ ಬೇಕಾದ ಶಕ್ತಿ ಕಾಲು ಭಾಗದಷ್ಟು ಇಳಿಯುತ್ತದೆ. ತಟ್ಟೆ ತುಂಬಿಸಿಟ್ಟು ಹೋಗುವ ಮನೆಯಲ್ಲಿ ವರ್ಷದೊಳಗೆ ಬೆಕ್ಕು ಗುಂಡಗಾಗುತ್ತದೆ. ಬೊಜ್ಜು ಸಕ್ಕರೆ ಕಾಯಿಲೆಗೆ ದಾರಿ. ಬೇಗ ಆಪರೇಷನ್ ಆದ ಬೆಕ್ಕುಗಳಲ್ಲಿ ಮೂಳೆಯ ತುದಿಯ ಬೆಳವಣಿಗೆಯ ಪಟ್ಟಿ ತಡವಾಗಿ ಮುಚ್ಚುತ್ತದೆ. ಇದರಿಂದ ಹೆಚ್ಚಿನವಕ್ಕೆ ತೊಂದರೆಯಿಲ್ಲ, ಆದರೆ ಭಾರವಾದ ಎಳೆಯ ಗಂಡಿನಲ್ಲಿ ತೊಡೆಮೂಳೆಯ ತಲೆ ಜಾರುವುದು ಅಪರೂಪಕ್ಕೆ ಉಂಟು. ಒಂದು-ಎರಡು ವರ್ಷದ ದಪ್ಪ ಗಂಡು ಬಿದ್ದ ನೆನಪಿಲ್ಲದೆ ಹಿಂಗಾಲು ಕುಂಟಿದರೆ ಎಕ್ಸ್‌ರೇ ಮಾಡಿಸಿ.

ಮರಿ ಇನ್ನೂ ಬೆಳೆಯುತ್ತಿರುವುದರಿಂದ ತಕ್ಷಣ ಅನ್ನ ಕಡಿಯಬೇಡಿ. ಮರಿಗಳ ಆಹಾರವನ್ನೇ ಮುಂದುವರಿಸಿ, ಆದರೆ ಅಳೆದು ಕೊಡಿ, ದಿನಕ್ಕೆ ಮೂರು-ನಾಲ್ಕು ಸಲ. ಎರಡು ವಾರಕ್ಕೊಮ್ಮೆ ತೂಗಿ. ನೀವು ಬೆಕ್ಕನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ಆಮೇಲೆ ನೀವೊಬ್ಬರೇ ಹತ್ತಿ ಕಳೆದರೆ ಆಯಿತು. ಪಕ್ಕೆಲುಬು ಒತ್ತದೇ ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಗಿಡ್ಡ ಎಂಟನೆಯ ತಿಂಗಳಲ್ಲಿ ಒಂದೇ ತಿಂಗಳಿಗೆ 600 ಗ್ರಾಂ ಏರಿದ. ವಿಚಾರಿಸಿದಾಗ, ಮನೆಯಲ್ಲಿ ಇಬ್ಬರು ಒಬ್ಬರಿಗೊಬ್ಬರು ಹೇಳದೆ ಬೆಳಗಿನ ಊಟ ಕೊಡುತ್ತಿದ್ದುದು ಗೊತ್ತಾಯಿತು. ಅಂದಿನಿಂದ ದಿನದ ಪಾಲನ್ನು ಬೆಳಗ್ಗೆಯೇ ಒಂದು ಡಬ್ಬಿಗೆ ಅಳೆದು ಹಾಕುತ್ತೇವೆ, ಯಾರು ಕೊಟ್ಟರೂ ಅದರಿಂದಲೇ. ಒಂದು ವರ್ಷಕ್ಕೆ ಗಿಡ್ಡ 4.3 ಕಿಲೋ, ಕಾಡಿಗೆ 3.4. ಎರಡಕ್ಕೂ ಸೊಂಟ ಕಾಣುತ್ತದೆ.